ಹಸುವಿನ ಕಿವಿಯೋಲೆಯ ಮೇಲಿನ ಎರಡಕ್ಷರ: ಅದು ಹುಟ್ಟಿದ ದೇಶವೋ, ಮೇಯುತ್ತಿರುವ ದೇಶವೋ?

ಪ್ರಶ್ನೆ: ಸರ್, ನಾನು ಮಂಡ್ಯದ ಕಡೆಯವನು, ಈಗ ಮ್ಯೂನಿಕ್‌ನಲ್ಲಿ ಕೆಲಸ. ಹೋದ ವಾರ ಆಲ್‌ಗಾಯ್ ಬೆಟ್ಟಗಳ ಕಡೆ ನಡೆಯಲು ಹೋಗಿದ್ದೆವು. ಒಂದೇ ಬೇಲಿಯೊಳಗೆ ಮೇಯುತ್ತಿದ್ದ ಕಂದು ಹಸುಗಳ ಕಿವಿಯೋಲೆಯಲ್ಲಿ DE ಅಂತ ಇತ್ತು, ಎರಡಕ್ಕೆ ಮಾತ್ರ AT ಅಂತ ಇತ್ತು. AT ಅಂದರೆ ಆಸ್ಟ್ರಿಯ ಅಂತ ಗೊತ್ತು. ಆದರೆ ಹಸು ಜರ್ಮನಿಯಲ್ಲಿದೆಯಲ್ಲ? ಆ ಅಕ್ಷರ ಹುಟ್ಟಿದ ದೇಶವನ್ನು ಹೇಳುತ್ತದೋ, ಈಗ ಇರುವ ದೇಶವನ್ನೋ? ಹಾಲಿನ ಪ್ಯಾಕೆಟ್ ಮೇಲೂ DE ಇರುತ್ತದೆ, ಎರಡೂ ಒಂದೇನಾ? ನಮ್ಮೂರ ರಾಸುಗಳ ಹಳದಿ ಓಲೆಯಲ್ಲಿ ಅಕ್ಷರವೇ ಇಲ್ಲವಲ್ಲ, ಯಾಕೆ?

ಉತ್ತರ: ಆ ಎರಡು ಹಸುಗಳು ಆಸ್ಟ್ರಿಯದಲ್ಲಿ ಹುಟ್ಟಿದವು, ಅಲ್ಲೇ ಮೊದಲು ದಾಖಲಾದವು. ಆಮೇಲೆ ಜರ್ಮನಿಗೆ ಬಂದಿವೆ. ಯುರೋಪಿಯನ್ ಒಕ್ಕೂಟದೊಳಗೆ ಹಸು ಎಷ್ಟು ಗಡಿ ದಾಟಿದರೂ ಓಲೆ ಬದಲಾಗುವುದಿಲ್ಲ. ಕರುವಾಗಿದ್ದಾಗ ಚುಚ್ಚಿದ ಸಂಖ್ಯೆ ಸಾಯುವವರೆಗೂ ಅದೇ. ಹಾಗಾಗಿ ಕಿವಿಯ ಮೇಲಿನ ಅಕ್ಷರ ಹಸುವಿನ ಈಗಿನ ವಿಳಾಸ ಅಲ್ಲ. ಅದರ ಹೆಸರು ಮೊದಲ ಸಲ ಯಾವ ದೇಶದ ಪುಸ್ತಕಕ್ಕೆ ಹತ್ತಿತು ಅನ್ನುವುದರ ಗುರುತು.

ನಾನು ಹೇಳಿದ್ದನ್ನು ಗಮನಿಸಿ: "ಮೊದಲು ದಾಖಲಾದ" ದೇಶ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಹುಟ್ಟಿದ ದೇಶವೂ ದಾಖಲಾದ ದೇಶವೂ ಒಂದೇ ಆಗಿರುತ್ತದೆ ಅನ್ನುವ ಅಂದಾಜಿನಲ್ಲೇ ಎಲ್ಲರೂ ಓದುತ್ತಾರೆ. ಒಂದು ಸಂದರ್ಭದಲ್ಲಿ ಮಾತ್ರ ಎರಡೂ ಬೇರೆಯಾಗುತ್ತವೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಓಲೆಯನ್ನೇ ಹತ್ತಿರದಿಂದ ನೋಡೋಣ.

ಬವೇರಿಯಾದ ಕೊಟ್ಟಿಗೆಯಲ್ಲಿ ಕರು ಹುಟ್ಟಿದರೆ ಏಳು ದಿನದೊಳಗೆ ಎರಡೂ ಕಿವಿಗೆ ಓಲೆ ಬೀಳಬೇಕು. ಇದು ಜರ್ಮನಿಯ ನಿಯಮ. ಒಕ್ಕೂಟದ ಸಾಮಾನ್ಯ ಗಡುವು ಇಪ್ಪತ್ತು ದಿನ, ಜರ್ಮನಿ ಅದನ್ನು ಬಿಗಿ ಮಾಡಿಕೊಂಡಿದೆ. ರೈತರ ಹತ್ತಿರ ಮುಂಚೆಯೇ ತರಿಸಿಟ್ಟ ಓಲೆಗಳ ಕಟ್ಟು ಇರುತ್ತದೆ, ಸಂಖ್ಯೆಗಳು ಅಚ್ಚಾಗಿಯೇ ಬಂದಿರುತ್ತವೆ. ಕರು ಹುಟ್ಟಿದ ಮೇಲೆ ಸಂಖ್ಯೆ ಕೇಳಿ ತರಿಸುವುದಲ್ಲ. ಮುಂದಿನ ಸಂಖ್ಯೆ ಯಾವುದೋ ಅದು ಆ ಕರುವಿನದು.

ಒಂದು ಓಲೆಗೆ ಎರಡು ತುಂಡು. ಒಂದರಲ್ಲಿ ಚೂಪಾದ ಮೊಳೆ, ಇನ್ನೊಂದರಲ್ಲಿ ಅದು ಹೋಗಿ ಕೂರುವ ತೂತು. ಎರಡನ್ನೂ ಇಕ್ಕಳಕ್ಕೆ ಸಿಕ್ಕಿಸಿ, ಕಿವಿಯ ಎರಡು ದಪ್ಪ ನರಗಳ ನಡುವಿನ ತೆಳು ಜಾಗ ನೋಡಿ, ಒಂದೇ ಸಲಕ್ಕೆ ಒತ್ತಬೇಕು. ಟಕ್ ಅಂತ ಸದ್ದು ಬರುತ್ತದೆ. ಮೊಳೆ ಒಳಗೆ ಕೂತಿತು ಅಂದರೆ ಮತ್ತೆ ಬಿಚ್ಚಲು ಆಗುವುದಿಲ್ಲ, ಕತ್ತರಿಸಿಯೇ ತೆಗೆಯಬೇಕು. ಒಂದು ಹಸುವಿನ ಓಲೆ ಬಿಚ್ಚಿ ಇನ್ನೊಂದಕ್ಕೆ ಹಾಕಬಾರದು ಅಂತಲೇ ಹಾಗೆ ಮಾಡಿರುವುದು. ಇಲ್ಲಿ ಅನೇಕ ಕಡೆ ಬಳಸುವ ಓಲೆಯ ಮೊಳೆ ಚುಚ್ಚುವಾಗಲೇ ಕಿವಿಯ ಚೂರೊಂದನ್ನು ಕತ್ತರಿಸಿ ಪುಟ್ಟ ಕೊಳವೆಗೆ ಇಳಿಸುತ್ತದೆ. ಆ ಕೊಳವೆಯ ಮೇಲೂ ಅದೇ ಸಂಖ್ಯೆ. ಅದು ಬಿವಿಡಿ ಅನ್ನುವ ವೈರಸ್ ಪರೀಕ್ಷೆಗೆ ಲ್ಯಾಬಿಗೆ ಹೋಗುತ್ತದೆ.

ಓಲೆಯ ಮೇಲೆ ಏನಿರುತ್ತದೆ? ಉದಾಹರಣೆಗೆ ಮಾಡಿಕೊಂಡ ಸಂಖ್ಯೆಗಳು ಇವು:

```
DE 09 123 45678
AT 123 456 789
```

ಮೊದಲನೆಯದು ಜರ್ಮನಿಯದು. DE ದೇಶ. ಅದರ ಹಿಂದೆಯೇ ಬರುವ 09 ಬವೇರಿಯಾ. ಜರ್ಮನಿಯ ಪ್ರತಿ ರಾಜ್ಯಕ್ಕೂ ಹೀಗೆ ಎರಡಂಕಿಯ ಸಂಖ್ಯೆ ಇದೆ. ಪಕ್ಕದ ಬಾಡೆನ್-ವುರ್ಟೆಂಬರ್ಗ್ 08, ಉತ್ತರದ ತುದಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ 01. ಉಳಿದ ಎಂಟು ಅಂಕಿ ಆ ಹಸುವಿನದು. ಕೊನೆಯ ಐದು ಅಂಕಿ ದಪ್ಪಗೆ, ದೂರದಿಂದ ಕಾಣುವ ಹಾಗೆ ಇರುತ್ತವೆ, ಯಾಕೆಂದರೆ ಕೊಟ್ಟಿಗೆಯಲ್ಲಿ ದಿನಾ ಬಳಸುವುದು ಅದನ್ನೇ. ಎರಡನೆಯದು ಆಸ್ಟ್ರಿಯದ ರೀತಿ: AT, ಆಮೇಲೆ ಒಂಬತ್ತು ಅಂಕಿ. ದೇಶದ ಅಕ್ಷರ ಎಲ್ಲ ಕಡೆ ಎರಡೇ, ಆದರೆ ಅದರ ಹಿಂದಿನ ಅಂಕಿಗಳನ್ನು ಹೇಗೆ ಹಂಚಿಕೊಳ್ಳಬೇಕು ಅನ್ನುವುದು ಆಯಾ ದೇಶಕ್ಕೆ ಬಿಟ್ಟದ್ದು, ಹನ್ನೆರಡು ಅಂಕಿ ಮೀರಬಾರದು ಅಷ್ಟೇ. ಆದ್ದರಿಂದ ಅಕ್ಷರ ಓದದೆ ಅಂಕಿಗೆ ಅರ್ಥ ಹಚ್ಚಲು ಹೋಗಬೇಡಿ. ಜರ್ಮನ್ ಓಲೆಯಲ್ಲಿ 09 ಅಂದರೆ ಬವೇರಿಯಾ, ಬೇರೆ ದೇಶದ ಓಲೆಯಲ್ಲಿ ಅದೇ ಜಾಗದ 09ಕ್ಕೆ ಆ ಅರ್ಥ ಇಲ್ಲ.

ಈಗ ನೀವು ನೋಡಿದ ಹಸುಗಳ ವಿಷಯ. ಆಲ್‌ಗಾಯ್ ಅಂದರೆ ಗಡಿಯ ಮೇಲೆಯೇ ಇರುವ ಊರುಗಳು. ಗುಡ್ಡದ ಈ ಮಗ್ಗುಲು ಜರ್ಮನಿ, ಆ ಮಗ್ಗುಲು ಆಸ್ಟ್ರಿಯ. ಕಂದು ಹಸು ಎರಡೂ ಕಡೆ ಒಂದೇ ತಳಿಯದು, ಮೈ ನೋಡಿ ದೇಶ ಹೇಳಲು ಯಾರಿಂದಲೂ ಆಗದು. ಅಲ್ಲಿಗೆ AT ಹಸು ಬರಲು ಎರಡು ದಾರಿ. ಒಂದು, ಬೇಸಿಗೆಯ ಮೇವಿಗೆ ಬಂದಿರಬಹುದು. ಜೂನ್ ಹೊತ್ತಿಗೆ ಕಡಸುಗಳನ್ನು ಬೆಟ್ಟಕ್ಕೆ ಹತ್ತಿಸಿ ಸೆಪ್ಟೆಂಬರ್‌ನಲ್ಲಿ ಇಳಿಸಿಕೊಳ್ಳುವ ಪದ್ಧತಿ ಇಲ್ಲಿ ಹಳೆಯದು, ಎಷ್ಟೋ ಹಿಂಡುಗಳಿಗೆ ಆ ಬೆಟ್ಟ ಗಡಿಯಾಚೆ ಇರುತ್ತದೆ. ಇನ್ನೊಂದು, ಜರ್ಮನ್ ರೈತರು ಆಸ್ಟ್ರಿಯದಿಂದ ಕೊಂಡು ತಂದಿರಬಹುದು. ಓಲೆ ನೋಡಿ ಇವೆರಡರಲ್ಲಿ ಯಾವುದು ಅಂತ ಹೇಳಲು ಸಾಧ್ಯವೇ ಇಲ್ಲ. ಅದನ್ನು ಹೇಳುವುದು ಡೇಟಾಬೇಸ್.

ಕೊಂಡು ತಂದದ್ದು ಅಂತಲೇ ಇಟ್ಟುಕೊಳ್ಳೋಣ. AT 123 456 789 ಅನ್ನುವ ಕಡಸು ಟಿರೋಲ್‌ನ ಒಂದು ಕೊಟ್ಟಿಗೆಯಲ್ಲಿ ಹುಟ್ಟಿತು. ಅಲ್ಲಿನ ರೈತ ಓಲೆ ಚುಚ್ಚಿ, ಹುಟ್ಟಿದ ದಿನ, ಹೆಣ್ಣೋ ಗಂಡೋ, ತಳಿ, ತಾಯಿಯ ಸಂಖ್ಯೆ ಎಲ್ಲವನ್ನೂ ಆಸ್ಟ್ರಿಯದ ದಾಖಲೆಗೆ ಹಾಕಿದ. ಎರಡು ವರ್ಷದ ಮೇಲೆ, ಗಬ್ಬವಾಗಿರುವಾಗ, ಅದನ್ನು ಆಲ್‌ಗಾಯ್‌ನವರು ಕೊಂಡರು. ಸರ್ಕಾರಿ ಪಶುವೈದ್ಯರು ನೋಡಿ ಆರೋಗ್ಯದ ಪತ್ರ ಕೊಟ್ಟರು, ಹಸುವಿನ ಪಾಸ್‌ಪೋರ್ಟ್ ಜೊತೆಗೆ ಬಂತು. ಆಸ್ಟ್ರಿಯದ ದಾಖಲೆಯಲ್ಲಿ "ಹೋಯಿತು" ಅಂತ, ಜರ್ಮನಿಯ ದಾಖಲೆಯಲ್ಲಿ "ಬಂತು" ಅಂತ ಬರೆಯಬೇಕು. ಜರ್ಮನಿಯ ಈ ಡೇಟಾಬೇಸಿಗೆ HI-Tier ಅಂತ ಹೆಸರು, ನಡೆಸುವುದು ನಿಮ್ಮ ಮ್ಯೂನಿಕ್‌ನಿಂದಲೇ. ಕೊಂಡವರು ಏಳು ದಿನದೊಳಗೆ ಅಲ್ಲಿ ವರದಿ ಮಾಡಬೇಕು. ಇಷ್ಟೆಲ್ಲ ಆದರೂ ಕಿವಿಯ ಮೇಲೆ ಒಂದು ಅಕ್ಷರವೂ ಬದಲಾಗಲಿಲ್ಲ.

ಮುಂದೆ ಅದು ಈಯುತ್ತದೆ. ಹುಟ್ಟುವ ಕರುವಿಗೆ ಏನು? DE 09. ತಾಯಿ AT, ಮಗಳು DE. ಬಸುರಾದದ್ದು ಟಿರೋಲ್‌ನಲ್ಲಿ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಕರು ಯಾವ ಕೊಟ್ಟಿಗೆಯಲ್ಲಿ ನೆಲಕ್ಕೆ ಬಿತ್ತೋ ಆ ದೇಶದ ಅಕ್ಷರ. ತಾಯಿಯ AT ಸಂಖ್ಯೆ ಮಗಳ ದಾಖಲೆಯಲ್ಲಿ ಇರುತ್ತದೆ, ಕಿವಿಯಲ್ಲಿ ಇರುವುದಿಲ್ಲ.

ಇನ್ನೊಂದು ವರ್ಷ ಕಳೆದು ಆ ಹಸುವಿನ ಎಡ ಓಲೆ ಮೇವಿನ ಕಟಕಟೆಗೆ ಸಿಕ್ಕಿ ಹರಿದುಹೋಯಿತು ಅನ್ನಿ. ಇದು ತೀರ ಸಾಮಾನ್ಯ. ಈಗ ಹೊಸ ಓಲೆ ಬೇಕು, ಹಸು ಇರುವುದು ಬವೇರಿಯಾದಲ್ಲಿ. ಹೊಸಬರು ಇಲ್ಲಿ ಎಡವುತ್ತಾರೆ, ಕೊಟ್ಟಿಗೆಯಲ್ಲಿರುವ DE ಕಟ್ಟಿನಿಂದ ಒಂದು ತೆಗೆದು ಚುಚ್ಚಬಹುದು ಅಂದುಕೊಳ್ಳುತ್ತಾರೆ. ಹಾಗೆ ಮಾಡಬಾರದು. ಬದಲಿ ಓಲೆಯನ್ನು ಇಲ್ಲಿನ ಕಚೇರಿಯ ಮೂಲಕವೇ ತರಿಸಬೇಕು, ಅದರ ಮೇಲೆ ಹಳೆಯ ಸಂಖ್ಯೆಯೇ, AT ಸಮೇತ ಅಚ್ಚಾಗಬೇಕು. ಅಂದರೆ ಜರ್ಮನಿಯಲ್ಲಿ ತರಿಸಿದ ಓಲೆಯ ಮೇಲೂ ಆಸ್ಟ್ರಿಯದ ಅಕ್ಷರ ಇರುತ್ತದೆ. ಅಕ್ಷರ ಓಲೆಯ ಪ್ಲಾಸ್ಟಿಕ್‌ಗೆ ಸೇರಿದ್ದಲ್ಲ, ಹಸುವಿಗೆ ಸೇರಿದ್ದು ಅನ್ನುವುದು ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಎರಡು ಕಿವಿಗೂ ಒಂದೇ ಸಂಖ್ಯೆ ಹಾಕುವುದು ಕೂಡ ಇದಕ್ಕೇ. ಒಂದು ಹೋದರೆ ಇನ್ನೊಂದನ್ನು ನೋಡಿ ತರಿಸಬಹುದು.

ಎರಡಕ್ಷರ ಅಷ್ಟೇ ಅಲ್ವಾ, ಬಿಟ್ಟರೇನು ಅಂತ ಅನ್ನಿಸಬಹುದು. ನನಗೆ ಇದರ ಬೆಲೆ ತಿಳಿದದ್ದು ನಾನು ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ. ಒಂದು ಕೊಟ್ಟಿಗೆಯಲ್ಲಿ ಅರವತ್ತು ರಾಸುಗಳ ರಕ್ತ ತೆಗೆಯಬೇಕಿತ್ತು. ನಾನು ಸೂಜಿ ಹಾಕುತ್ತಿದ್ದೆ, ಪಕ್ಕದಲ್ಲಿ ನಿಂತವರು ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ಕೂಗುತ್ತಿದ್ದರು, ಕೊಳವೆಯ ಮೇಲೆ ಅದನ್ನೇ ಬರೆದೆವು. ಚಳಿ, ಕತ್ತಲು, ಎಲ್ಲರಿಗೂ ಬೇಗ ಮುಗಿಸುವ ಆತುರ. ಸಂಜೆ ಪಟ್ಟಿಗೆ ಹೊಂದಿಸಲು ಕೂತಾಗ 6789 ಅನ್ನುವ ಕೊಳವೆ ಎರಡು ಸಿಕ್ಕವು. ಒಂದು ಅಲ್ಲೇ ಹುಟ್ಟಿದ DE ಹಸು, ಇನ್ನೊಂದು ಕೊಂಡು ತಂದ AT ಹಸು, ಕೊನೆಯ ನಾಲ್ಕು ಅಂಕಿ ಎರಡಕ್ಕೂ ಒಂದೇ. ಯಾವ ರಕ್ತ ಯಾವುದರದ್ದು ಅಂತ ಹೇಳುವ ದಾರಿ ಇರಲಿಲ್ಲ. ಮಾರನೆಯ ದಿನ ಮತ್ತೆ ಹೋಗಿ ಎರಡಕ್ಕೂ ಮತ್ತೆ ಸೂಜಿ ಹಾಕಿದೆ. ಅವತ್ತಿನಿಂದ ಹೊರಗಿನಿಂದ ತಂದ ರಾಸು ಇರುವ ಕೊಟ್ಟಿಗೆಯಲ್ಲಿ ಅಕ್ಷರದಿಂದ ಕೊನೆಯ ಅಂಕಿಯವರೆಗೆ ಪೂರ್ತಿ ಓದಿಸುತ್ತೇನೆ. ಅಲ್ಲೇ ಹುಟ್ಟಿದ ರಾಸುಗಳಷ್ಟೇ ಇರುವ ಕೊಟ್ಟಿಗೆಯೊಳಗೆ ನಾಲ್ಕು ಅಂಕಿ ಸಾಕು, ಒಂದು ದೇಶದೊಳಗೆ ಪೂರ್ತಿ ಅಂಕಿ ಬೇಕು, ಗಡಿ ದಾಟಿತು ಅಂದರೆ ಅಕ್ಷರವೂ ಬೇಕು. ಆಸ್ಟ್ರಿಯದಲ್ಲಿ ಇರುವ ಒಂಬತ್ತು ಅಂಕಿ ಇನ್ಯಾವುದೋ ದೇಶದಲ್ಲೂ ಇರಬಹುದಲ್ಲ.

ಈಗ ಆಗಲೇ ಹೇಳಿದ ಆ ಒಂದು ಸಂದರ್ಭ. ಹಸು ಒಕ್ಕೂಟದ ಹೊರಗಿನ ದೇಶದಿಂದ ಬಂದರೆ ಲೆಕ್ಕ ಬೇರೆ. ಬ್ರಿಟನ್ನನ್ನೇ ತೆಗೆದುಕೊಳ್ಳಿ. 2020ರ ಕೊನೆಯವರೆಗೂ ಅದು ಇದೇ ನಿಯಮದ ಒಳಗಿತ್ತು, ಅಲ್ಲಿನ ಓಲೆ ಇಲ್ಲಿ ಹಾಗೇ ನಡೆಯುತ್ತಿತ್ತು. 2021ರಿಂದ ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್ ಹೊರಗಿನವು. ಹೊರಗಿನಿಂದ ಬಂದ ಹಸು ಸಾಕಲು ಬಂದದ್ದಾದರೆ, ಮೊದಲ ಕೊಟ್ಟಿಗೆ ಸೇರಿದ ಇಪ್ಪತ್ತು ದಿನದೊಳಗೆ ಅದಕ್ಕೆ ಆ ದೇಶದ ಓಲೆ ಹಾಕಬೇಕು. ಜರ್ಮನಿಗೆ ಬಂದರೆ DE. ಹಳೆಯ ಸಂಖ್ಯೆ ಡೇಟಾಬೇಸಿನಲ್ಲಿ ಹೊಸದರ ಪಕ್ಕ ಕೂರುತ್ತದೆ. ಕಸಾಯಿಖಾನೆಗೆ ಅಂತಲೇ ತಂದ ರಾಸಿಗೆ ಮಾತ್ರ ಈ ತಾಪತ್ರಯ ಇಲ್ಲ.

ಅಂದರೆ ಸ್ಕಾಟ್‌ಲೆಂಡ್‌ನ ಗುಡ್ಡದಲ್ಲಿ ಹುಟ್ಟಿದ ಹಸುವಿನ ಕಿವಿಯಲ್ಲೂ DE ಇರಬಹುದು. ಅಕ್ಷರ ಸುಳ್ಳು ಹೇಳುತ್ತಿಲ್ಲ. ಒಕ್ಕೂಟದ ಪುಸ್ತಕಕ್ಕೆ ಅದು ಮೊದಲು ಹತ್ತಿದ್ದು ಜರ್ಮನಿಯಲ್ಲಿ, ಅದನ್ನು ಹೇಳುತ್ತಿದೆ. ಹುಟ್ಟಿದ್ದು ಎಲ್ಲಿ ಅಂತ ತಿಳಿಯಬೇಕಾದರೆ ದಾಖಲೆ ತೆರೆಯಬೇಕು. ಕಣ್ಣಿಗೆ ಸಿಗುವ ಸುಳಿವು ಅಂದರೆ, ಎರಡು ಬೇರೆ ಬೇರೆ ಸಂಖ್ಯೆಯ ಓಲೆ ಒಂದೇ ಹಸುವಿನಲ್ಲಿ ಇರುವುದು, ಅಥವಾ ಹಳೆ ಓಲೆಯ ತೂತು ಮಾಗಿ ಉಳಿದಿರುವುದು. ಆದರೆ ಹರಿದ ತೂತು ಬೇರೆ ಕಾರಣಕ್ಕೂ ಆಗುತ್ತದೆ, ಅದನ್ನೇ ನಂಬಿ ತೀರ್ಪು ಕೊಡಬಾರದು.

ಈ ಇಡೀ ವ್ಯವಸ್ಥೆ ಇಷ್ಟು ಗಟ್ಟಿಯಾಗಲು ಕಾರಣ ಹುಚ್ಚುಹಸು ರೋಗ. 1996ರ ಮಾರ್ಚ್‌ನಲ್ಲಿ, ಈ ರೋಗಕ್ಕೂ ಮನುಷ್ಯರಲ್ಲಿ ಕಂಡ ಹೊಸ ಮಿದುಳು ರೋಗಕ್ಕೂ ನಂಟು ಇರಬಹುದು ಅಂತ ಬ್ರಿಟನ್ ಸರ್ಕಾರ ಒಪ್ಪಿಕೊಂಡಿತು. ಅದೇ ತಿಂಗಳು ಒಕ್ಕೂಟ ಬ್ರಿಟಿಷ್ ದನದ ಮಾಂಸವನ್ನು ನಿಷೇಧಿಸಿತು. ಆಗ ಎಲ್ಲ ದೇಶದಲ್ಲೂ ಎದ್ದ ಪ್ರಶ್ನೆ ಒಂದೇ: ನಮ್ಮ ಕೊಟ್ಟಿಗೆಯಲ್ಲಿರುವ ಈ ಹಸು ಎಲ್ಲಿಯದು?

ಜರ್ಮನಿಯಲ್ಲಿ ಆ ಪ್ರಶ್ನೆ ಎಷ್ಟು ಕಷ್ಟದ್ದು ಅಂತ ತೋರಿಸಿದ್ದು ಸಿಂಡಿ ಅನ್ನುವ ಗ್ಯಾಲೋವೇ ತಳಿಯ ಒಂದು ಹಸು. 1997ರ ಆರಂಭದಲ್ಲಿ ಅದಕ್ಕೆ ರೋಗ ಇದೆ ಅಂತ ಗೊತ್ತಾಯಿತು. ಅದುವರೆಗೆ ಇಲ್ಲಿ ಸಿಕ್ಕ ರೋಗದ ಹಸುಗಳೆಲ್ಲ ಹೊರಗಿನಿಂದ ತಂದವು. ಸಿಂಡಿ ಮಾತ್ರ ಜರ್ಮನಿಯಲ್ಲೇ ಹುಟ್ಟಿದ್ದು ಅಂತ ಕಾಗದ ಹೇಳುತ್ತಿತ್ತು. ದೇಶವೇ ಬೆಚ್ಚಿತು. ಆಮೇಲೆ ಜೀನ್ ಪರೀಕ್ಷೆ ಮಾಡಿದರು. ಕಾಗದದಲ್ಲಿ ತಾಯಿ ಅಂತ ಬರೆದಿದ್ದ ಹಸು ಅದರ ತಾಯಿಯೇ ಅಲ್ಲ ಅಂತ ಬಂತು. ಗುರುತು ಅದಲುಬದಲಾಗಿತ್ತು, ಹಸು ಬ್ರಿಟನ್‌ನಿಂದ ಬಂದದ್ದು ಅನ್ನುವ ತೀರ್ಮಾನಕ್ಕೆ ಬಂದರು.

ಅದೇ 1997ರಲ್ಲಿ ಒಕ್ಕೂಟ ಹೊಸ ಕಾನೂನು ತಂದಿತು. 1998ರಿಂದ ಮುಂದೆ ಹುಟ್ಟುವ ದನಗಳಿಗೆ ಎರಡೂ ಕಿವಿಗೆ ಒಂದೇ ಸಂಖ್ಯೆಯ ಓಲೆ, ಮೇಲೆ ದೇಶದ ಎರಡಕ್ಷರ, ಜೊತೆಗೆ ಪಾಸ್‌ಪೋರ್ಟ್, ಡೇಟಾಬೇಸ್, ಕೊಟ್ಟಿಗೆಯ ಪುಸ್ತಕ. 2000ದಲ್ಲಿ ಅದನ್ನೇ ಇನ್ನಷ್ಟು ಬಿಗಿ ಮಾಡಿ ಮತ್ತೆ ಬರೆದರು. ಸಿಂಡಿಯ ಕತೆಯನ್ನು ನಾನು ಕಿರಿಯರಿಗೆ ಹೇಳುತ್ತಲೇ ಇರುತ್ತೇನೆ. ಓಲೆ ತಾನಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ಚುಚ್ಚುವ ಕೈ ಸರಿಯಾದ ಕರುವಿಗೆ, ಸರಿಯಾದ ಹೊತ್ತಿಗೆ ಚುಚ್ಚಿದ್ದರೆ ಮಾತ್ರ ಆ ಅಕ್ಷರ ನಿಜ. ಒಂದೇ ರಾತ್ರಿ ಎರಡು ಹಸು ಈದು, ಬೆಳಗ್ಗೆ ಎರಡು ಕರು ಒಂದೇ ಮೂಲೆಯಲ್ಲಿ ಮಲಗಿದ್ದರೆ ತಾಯಿ ಯಾರು ಅನ್ನುವುದೇ ತಪ್ಪಾಗಬಹುದು. ಅನುಮಾನ ಬಂದಾಗ ತಾಯಿ ಮಗುವಿನ ಜೀನ್ ಹೋಲಿಸುವುದೇ ದಾರಿ. ಕಿವಿಯ ಚೂರು, ರಕ್ತ, ಬಾಲದ ಬೇರುಸಹಿತ ಕೂದಲು, ಯಾವುದಾದರೂ ಸಾಕು.

ಅಕ್ಷರಗಳ ಬಗ್ಗೆ ಒಂದು ಸಣ್ಣ ವಿಷಯ. ಇವು ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ದೇಶದ ಪಟ್ಟಿಯಿಂದ ತೆಗೆದವು. ಜರ್ಮನಿ ತನ್ನ ಭಾಷೆಯಲ್ಲಿ ಡಾಯ್ಚ್‌ಲಾಂಟ್, ಅದಕ್ಕೆ DE. ಸ್ಪೇನ್ ಎಸ್ಪಾನ್ಯ, ಅದಕ್ಕೆ ES. ಆದರೆ ಎರಡು ಕಡೆ ಪಟ್ಟಿಗೂ ಓಲೆಗೂ ತಾಳೆ ಇಲ್ಲ. ಗ್ರೀಸ್‌ಗೆ ಪಟ್ಟಿಯಲ್ಲಿ GR, ದನದ ಓಲೆಯ ನಿಯಮದಲ್ಲಿ EL. ಬ್ರಿಟನ್‌ಗೆ ಪಟ್ಟಿಯಲ್ಲಿ GB, ಅಲ್ಲಿನ ರೈತರು ಚುಚ್ಚುವ ಓಲೆಯಲ್ಲಿ UK. ಪಟ್ಟಿ ಹಿಡಿದು ಹುಡುಕುವವರು ಇಲ್ಲಿ ತಬ್ಬಿಬ್ಬಾಗುತ್ತಾರೆ.

ನೀವು ಕಂಪ್ಯೂಟರ್ ಕೆಲಸದವರಾಗಿದ್ದರೆ ಮುಂದಿನದು ನಿಮಗೆ ಇಷ್ಟವಾಗಬಹುದು. ಕಿವಿಯಲ್ಲಿ ಅಕ್ಷರ, ಆದರೆ ಯಂತ್ರದೊಳಗೆ ಅದು ಅಂಕಿ. ಅದೇ ಐಎಸ್‌ಒ ಪಟ್ಟಿಯಲ್ಲಿ ಪ್ರತಿ ದೇಶಕ್ಕೂ ಮೂರಂಕಿಯ ಸಂಖ್ಯೆಯೂ ಇದೆ. ಜರ್ಮನಿ 276, ಆಸ್ಟ್ರಿಯ 040. ಅದರ ಹಿಂದೆ ಹನ್ನೆರಡು ಅಂಕಿಯ ಜಾಗ. ಹಸುವಿನ ಸಂಖ್ಯೆ ಚಿಕ್ಕದಿದ್ದರೆ ನಡುವೆ ಸೊನ್ನೆ ತುಂಬುತ್ತಾರೆ. ಹಾಗಾಗಿ ಮೇಲಿನ ಎರಡು ಹಸುಗಳು ಹೀಗಾಗುತ್ತವೆ:

```
276000912345678
040000123456789
```

ಎಣಿಸಿ ನೋಡಿ, ಎರಡೂ ಹದಿನೈದು. ಕಿವಿಯಲ್ಲಿ ಚಿಪ್ ಇರುವ ಓಲೆಯನ್ನು ಓದುವ ಕೋಲು ಹಿಡಿದರೂ ಪರದೆಯ ಮೇಲೆ ಇಂಥದ್ದೇ ಹದಿನೈದು ಅಂಕಿ ಬರುತ್ತದೆ. ಮೊದಲ ಮೂರು ನೋಡಿದರೆ ದೇಶ. ಮೊದಲ ಅಂಕಿ 9 ಇದ್ದರೆ ಅದು ದೇಶವಲ್ಲ. 900ರಿಂದ 998ರವರೆಗಿನವು ಚಿಪ್ ಮಾಡಿದ ಕಂಪನಿಯ ಸಂಖ್ಯೆ, ಪ್ರಾಣಿ ಎಲ್ಲಿಯದು ಅಂತ ಅದರಿಂದ ತಿಳಿಯುವುದಿಲ್ಲ.

ಇಲ್ಲಿ ನಾನು ಮತ್ತೆ ಮತ್ತೆ ಕಾಣುವ ತಪ್ಪು ಒಂದಿದೆ. ಯಾರೋ ಈ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕುತ್ತಾರೆ. ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆ ತಿಂದುಬಿಡುತ್ತದೆ. 040 ಹೋಗಿ 40 ಉಳಿಯುತ್ತದೆ. ಜರ್ಮನ್ ಹಸುಗಳೆಲ್ಲ ಸರಿಯಾಗಿರುತ್ತವೆ, ಆಸ್ಟ್ರಿಯದವು ಮಾತ್ರ "ಇಂಥ ಹಸು ಇಲ್ಲ" ಅಂತ ತಿರುಗಿ ಬರುತ್ತವೆ. ರೈತರು ಓಲೆಯನ್ನು ಮತ್ತೆ ಮತ್ತೆ ತೊಳೆದು ಓದುತ್ತಾರೆ, ಓಲೆ ಸರಿಯಾಗಿಯೇ ಇರುತ್ತದೆ. ಸಾಲಿನಲ್ಲಿ ಹದಿನಾಲ್ಕೇ ಅಂಕಿ ಇದ್ದರೆ ಮೊದಲು ಇದನ್ನು ನೋಡಿ. ಬೆಲ್ಜಿಯಂ ಹಸುಗಳಿಗೂ ಹೀಗೇ ಆಗುತ್ತದೆ, ಅದರ ಸಂಖ್ಯೆ 056. ಆ ಕಾಲಂ ಅನ್ನು ಪಠ್ಯ ಅಂತ ಮೊದಲೇ ಗುರುತು ಮಾಡಿ ಆಮೇಲೆ ಅಂಕಿ ತುಂಬಿದರೆ ಈ ತೊಂದರೆ ಬರುವುದಿಲ್ಲ.

ಹಾಲಿನ ಪ್ಯಾಕೆಟ್ ವಿಷಯ. ಅದರ ಮೇಲೆ ಮೊಟ್ಟೆಯಾಕಾರದ ಒಂದು ಗೆರೆ, ಒಳಗೆ ಮೂರು ಸಾಲು ಇರುತ್ತದೆ. ಮೇಲೆ DE, ನಡುವೆ BY ಮತ್ತು ಒಂದು ಸಂಖ್ಯೆ, ಕೆಳಗೆ EG. ಇದಕ್ಕೂ ಕಿವಿಯೋಲೆಗೂ ಸಂಬಂಧ ಇಲ್ಲ. ಪ್ಯಾಕೆಟ್ಟಿನ DE ಹೇಳುವುದು ಆ ಹಾಲು ತುಂಬಿದ ಡೈರಿ ಎಲ್ಲಿದೆ ಅಂತ. BY ಅಂದರೆ ಬವೇರಿಯಾ, ಸಂಖ್ಯೆ ಆ ಡೈರಿಯದು, EG ಅಂದರೆ ಯುರೋಪಿಯನ್ ಸಮುದಾಯ. ನೀವು ನೋಡಿದ AT ಹಸುವಿನ ಹಾಲು ಆಲ್‌ಗಾಯ್‌ನ ಡೈರಿಗೆ ಹೋದರೆ ಪ್ಯಾಕೆಟ್ ಮೇಲೆ DE ಬರುತ್ತದೆ. ಅಷ್ಟೇ ಅಲ್ಲ, ಆಸ್ಟ್ರಿಯದ ಕೊಟ್ಟಿಗೆಯಲ್ಲಿ ಕರೆದ ಹಾಲನ್ನು ಟ್ಯಾಂಕರ್‌ನಲ್ಲಿ ತಂದು ಇಲ್ಲಿ ತುಂಬಿದರೂ ಆ ಗುರುತಿನಲ್ಲಿ DE ಇರುತ್ತದೆ. ಅಕ್ಷರ ಒಂದೇ, ಕೇಳಿದ ಪ್ರಶ್ನೆ ಬೇರೆ. ಓಲೆಗೆ ಕೇಳುವುದು "ಹಸು ಮೊದಲು ದಾಖಲಾದದ್ದು ಎಲ್ಲಿ", ಪ್ಯಾಕೆಟ್‌ಗೆ ಕೇಳುವುದು "ಕೊನೆಯ ಕೆಲಸ ನಡೆದದ್ದು ಎಲ್ಲಿ".

ಕಿವಿಯೋಲೆಯ ದಾಖಲೆ ಗ್ರಾಹಕರ ಕೈಗೆ ನಿಜವಾಗಿ ತಲುಪುವುದು ದನದ ಮಾಂಸದ ಚೀಟಿಯಲ್ಲಿ. ನೀವು ತಿನ್ನದಿದ್ದರೂ ಅಂಗಡಿಯಲ್ಲಿ ಒಮ್ಮೆ ಓದಿ ನೋಡಿ. 2002ರಿಂದ ಅದರ ಮೇಲೆ ಹುಟ್ಟಿದ ದೇಶ, ಬೆಳೆದ ದೇಶ, ಕಡಿದ ದೇಶ, ತುಂಡು ಮಾಡಿದ ದೇಶ ನಾಲ್ಕನ್ನೂ ಬರೆಯಬೇಕು. ಎರಡು ವರ್ಷ ಅಲ್ಲಿ ಬೆಳೆದು ಬಂದ ನಮ್ಮ AT ಕಡಸು ಇಲ್ಲೇ ಮುಗಿದರೆ, ಚೀಟಿಯಲ್ಲಿ ಹುಟ್ಟಿದ್ದು ಆಸ್ಟ್ರಿಯ, ಬೆಳೆದದ್ದು ಆಸ್ಟ್ರಿಯ ಮತ್ತು ಜರ್ಮನಿ, ಕಡಿದದ್ದು, ತುಂಡು ಮಾಡಿದ್ದು ಜರ್ಮನಿ ಅಂತ ಬರುತ್ತದೆ. ಕಿವಿಯ ಅಕ್ಷರ ಒಂದೇ ಆದರೂ ದಾಖಲೆ ಇಷ್ಟೂ ಹೆಜ್ಜೆಗಳನ್ನು ಇಟ್ಟುಕೊಂಡಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕೊನೆಗೆ ನಿಮ್ಮ ಮಂಡ್ಯದ ರಾಸುಗಳು. ನಮ್ಮಲ್ಲಿ ಪಶುಪಾಲನಾ ಇಲಾಖೆಯವರು ಹಾಕುವ ಹಳದಿ ಕಿವಿಯೋಲೆಯಲ್ಲಿ ಹನ್ನೆರಡು ಅಂಕಿ ಇದೆ, ಜನ ಪಶು ಆಧಾರ್ ಅನ್ನುತ್ತಾರೆ. ಅದರಿಂದ ಲಸಿಕೆ, ಕೃತಕ ಗರ್ಭಧಾರಣೆ, ಚಿಕಿತ್ಸೆ ಎಲ್ಲವೂ ಭಾರತ್ ಪಶುಧನ್ ಡೇಟಾಬೇಸಿಗೆ ಸೇರುತ್ತದೆ. ವಿಮೆ ಮಾಡಿಸಿದವರಿಗೆ ಆ ಓಲೆ ಎಷ್ಟು ಮುಖ್ಯ ಅಂತ ನಿಮ್ಮ ಮನೆಯವರೇ ಹೇಳಬಹುದು. ಆ ಸಂಖ್ಯೆ ದೇಶದೊಳಗೆ ಒಂದೊಂದು ರಾಸಿಗೆ ಒಂದೊಂದು. ನಮ್ಮ ದನಗಳು ಯುರೋಪಿನ ಹಾಗೆ ದಿನಾ ಗಡಿ ದಾಟಿ ಇನ್ನೊಂದು ದೇಶದ ಕೊಟ್ಟಿಗೆ, ಇನ್ನೊಂದು ದೇಶದ ಡೇಟಾಬೇಸ್ ಸೇರುವುದಿಲ್ಲ. ಪಕ್ಕದಲ್ಲಿ ನಿಲ್ಲುವ ಹಸುವಿಗೂ ಅದೇ ಪುಸ್ತಕದ ಸಂಖ್ಯೆ ಇರುವಾಗ ಪುಸ್ತಕ ಯಾವುದು ಅಂತ ಕಿವಿಯ ಮೇಲೆ ಬರೆಯುವ ಅಗತ್ಯ ಬೀಳುವುದಿಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ನಮಗೂ ಜಾಗ ಇದೆ. ಅಕ್ಷರದಲ್ಲಿ IN, ಅಂಕಿಯಲ್ಲಿ 356. ಭಾರತದ ಆ ಸಂಖ್ಯೆ ಬರೆದ ಚಿಪ್ಪನ್ನು ಮಂಡ್ಯದ ಒಂದು ಹಸುವಿಗೆ ಹಾಕಿದರೆ, ನಿಮ್ಮ ಆಲ್‌ಗಾಯ್ ರೈತರ ಕೈಯಲ್ಲಿರುವ ಓದುವ ಕೋಲು ಕೂಡ 356 ಅಂತಲೇ ಶುರು ಮಾಡುತ್ತದೆ.